ರಿಫಂಡ್ ಬಂದಿಲ್ಲವೇ? ತೆರಿಗೆ ಕಚೇರಿಗೆ ಪತ್ರ ಬರೆಯುವುದು ಹೀಗೆ

ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ಬೆಟಗೇರಿಯ ಓಣಿಯಲ್ಲಿರುವ ನಿವೃತ್ತ ಮಾಸ್ತರರು ಒಂದು ಫೈಲು ಹಿಡಿದುಕೊಂಡು ಮನೆಗೆ ಬಂದರು. "ನೋಡ್ರೀ, ರಿಟರ್ನ್ ತುಂಬಿ ಏಳು ತಿಂಗಳಾತು. ರೊಕ್ಕ ಬರವಲ್ದು. ಅರ್ಜಿ ಹಾಕಿದ್ರ ನಿಮಗ ರಿಫಂಡ್ ಇಲ್ಲ ಅಂತ ಉತ್ತರ ಬಂದದ" ಅಂದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಓಣಿಯವರಿಗೆ ಇಂಥ ಅರ್ಜಿಗಳನ್ನು ಬರೆದುಕೊಡುವುದು ರೂಢಿ. ಅವರ ಅರ್ಜಿ ನೋಡಿದೆ. "ನನ್ನ 2023-24ರ ರಿಫಂಡ್ ಬಂದಿಲ್ಲ, ದಯವಿಟ್ಟು ಕೊಡಿಸಿ" ಎಂದಷ್ಟೇ ಇತ್ತು.

ಉತ್ತರ ಕೊಟ್ಟವರದು ತಪ್ಪಲ್ಲ. ಮಾಸ್ತರರು ಕೇಳಬೇಕಿದ್ದ ವರ್ಷವೇ ಬೇರೆ. ಅದನ್ನು ಸರಿಮಾಡಿದ ಮೇಲೂ ಹಣ ತಡೆದು ನಿಂತ ಕಾರಣ ಬೇರೆ ಕಡೆ ಇತ್ತು. ಅವರ ಪ್ರಕರಣವನ್ನೇ ಇಟ್ಟುಕೊಂಡು ಪತ್ರ ಬರೆಯುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ವರ್ಷ ಸರಿಯಾಗಲಿ

ಮಾಸ್ತರರಿಗೆ ಪಿಂಚಣಿಯ ಜೊತೆ ಬ್ಯಾಂಕ್ ಠೇವಣಿಯ ಬಡ್ಡಿ ಬರುತ್ತದೆ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ₹2,16,000 ಬಡ್ಡಿ ಬಂದಿತ್ತು. ತೆರಿಗೆ ಹಿಡಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ 15ಎಚ್ ಫಾರಂ ಕೊಡಲು ಮರೆತಿದ್ದರಿಂದ ಬ್ಯಾಂಕು ಶೇ. 10ರಂತೆ ₹21,600 ಟಿಡಿಎಸ್ ಹಿಡಿದಿತ್ತು. ಪಿಂಚಣಿ ಸೇರಿಸಿದರೂ ಒಟ್ಟು ಆದಾಯ ಏಳು ಲಕ್ಷದ ಒಳಗೇ ಇತ್ತು. ಹೊಸ ಪದ್ಧತಿಯ ರಿಯಾಯಿತಿಯಿಂದ ಅವರ ತೆರಿಗೆ ಸೊನ್ನೆ. ಅಂದರೆ ಹಿಡಿದ ₹21,600 ಪೂರ್ತಿ ವಾಪಸ್ ಬರಬೇಕು.

ಹಣ ಗಳಿಸಿದ ವರ್ಷ 2023-24. ಅದು ಹಣಕಾಸು ವರ್ಷ. ಆ ಗಳಿಕೆಯನ್ನು ಲೆಕ್ಕ ಹಾಕುವುದು ಮುಂದಿನ ವರ್ಷದಲ್ಲಿ, ಅದು ಅಸೆಸ್‌ಮೆಂಟ್ ವರ್ಷ 2024-25. ಇಲಾಖೆಯ ಕಂಪ್ಯೂಟರಿನಲ್ಲಿ ರಿಟರ್ನ್, ರಿಫಂಡ್, ಬಾಕಿ ಎಲ್ಲವೂ ಅಸೆಸ್‌ಮೆಂಟ್ ವರ್ಷದ ಕೆಳಗೇ ಇರುತ್ತವೆ. ಮಾಸ್ತರರು 2023-24 ಎಂದು ಬರೆದಾಗ ಅಲ್ಲಿಯವರು ಹಿಂದಿನ ವರ್ಷದ ರಿಟರ್ನ್ ತೆಗೆದು ನೋಡಿದರು. ಅದರಲ್ಲಿ ರಿಫಂಡ್ ಇರಲೇ ಇಲ್ಲ. ಅರ್ಜಿ ಮುಗಿಸಿಬಿಟ್ಟರು. ನನ್ನ ಹತ್ತಿರ ಬರುವ ಅರ್ಜಿಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ಅದಕ್ಕೇ ನಾನು ಪತ್ರದಲ್ಲಿ ಎರಡನ್ನೂ ಬರೆಯುತ್ತೇನೆ: "ಅಸೆಸ್‌ಮೆಂಟ್ ವರ್ಷ 2024-25, ಅಂದರೆ ಹಣಕಾಸು ವರ್ಷ 2023-24ರ ಆದಾಯ."

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ ಅಸೆಸ್‌ಮೆಂಟ್ ವರ್ಷ ಎಂಬ ಮಾತಿಲ್ಲ, ಬರೀ ತೆರಿಗೆ ವರ್ಷ. ಆದರೆ ಅದಕ್ಕೂ ಹಿಂದಿನ ಗಳಿಕೆಯ ರಿಫಂಡ್ ಕೇಳುವಾಗ ಅಸೆಸ್‌ಮೆಂಟ್ ವರ್ಷವನ್ನೇ ಬರೆಯಬೇಕು.

ಸ್ವೀಕೃತಿ ಸಂಖ್ಯೆ ಯಾವುದು?

ರಿಟರ್ನ್ ಸಲ್ಲಿಸಿದಾಗ ಸಿಗುವ ಸ್ವೀಕೃತಿ ಪತ್ರದ ಮೇಲ್ಭಾಗದಲ್ಲಿ 15 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಪತ್ರದಲ್ಲಿ ಬರೆಯಬೇಕಾದ್ದು ಅದನ್ನೇ. ಕೊನೆಯ ಆರು ಅಂಕಿಗಳು ಸಲ್ಲಿಸಿದ ದಿನಾಂಕ. ಮಾಸ್ತರರು ಸಲ್ಲಿಸಿದ್ದು 2024ರ ಜುಲೈ 22ಕ್ಕೆ, ಸಂಖ್ಯೆಯ ಕೊನೆ 220724. ಬರೆದ ಮೇಲೆ ಇದನ್ನು ತಾಳೆ ನೋಡಿ. ದಿನಾಂಕ ಹೊಂದದಿದ್ದರೆ ಒಂದು ಅಂಕಿ ಹೆಚ್ಚು ಕಡಿಮೆಯಾಗಿದೆ, ಇಲ್ಲವೇ ಬೇರೆ ಯಾವುದೋ ಸಂಖ್ಯೆ ಬರೆದಿದ್ದೀರಿ ಎಂದರ್ಥ.

ಬೇರೆ ಸಂಖ್ಯೆಗಳೂ ಓಡಾಡುತ್ತಿರುತ್ತವೆ. ಆಧಾರ್ ಒಟಿಪಿ ಹಾಕಿ ಪರಿಶೀಲನೆ ಮಾಡಿದಾಗ ಒಂದು ಸಂಖ್ಯೆ ಬರುತ್ತದೆ. ದೂರು ಹಾಕಿದರೆ ಮತ್ತೊಂದು. ಇಲಾಖೆ ಕಳಿಸುವ ಸೂಚನಾ ಪತ್ರದ ಮೇಲೆ ಇನ್ನೊಂದು. ಅವುಗಳಿಂದ ನಿಮ್ಮ ರಿಟರ್ನ್ ಹುಡುಕಲು ಆಗುವುದಿಲ್ಲ. ಸ್ವೀಕೃತಿ ಪತ್ರ ಕಳೆದಿದ್ದರೆ ಚಿಂತೆ ಬೇಡ. www.incometax.gov.in ತಾಣದಲ್ಲಿ ಲಾಗಿನ್ ಆಗಿ, `e-File` ಒಳಗೆ `View Filed Returns` ತೆರೆದರೆ ವರ್ಷವಾರು ಎಲ್ಲವೂ ಸಿಗುತ್ತದೆ. ಪರಿಷ್ಕೃತ ರಿಟರ್ನ್ ಹಾಕಿದ್ದರೆ ಎರಡನೆಯದರ ಸಂಖ್ಯೆ ಬರೆಯಿರಿ, ಮೊದಲನೆಯದರದ್ದಲ್ಲ.

ಹಣ ಎಲ್ಲಿ ನಿಂತಿದೆ ಎಂದು ತಿಳಿಯದೆ ಬರೆಯಬೇಡಿ

ಇದು ನನ್ನ ಗಟ್ಟಿ ಅಭಿಪ್ರಾಯ. ರಿಫಂಡ್ ತಡವಾಗಿದೆ ಎಂದು ಸುಮ್ನೆ ಬರೆದರೆ ಅದು ಯಾರ ಮೇಜಿಗೂ ಸೇರದೆ ತಿರುಗುತ್ತದೆ. `View Filed Returns` ಪುಟದಲ್ಲೇ ರಿಟರ್ನ್ ಯಾವ ಹಂತದಲ್ಲಿದೆ ಎಂದು ಕಾಣುತ್ತದೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ.

ರಿಟರ್ನ್ ಇನ್ನೂ ಪ್ರೊಸೆಸ್ ಆಗಿಲ್ಲ ಎಂದಿದ್ದರೆ, ಅದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿದೆ. ಎಲ್ಲರೂ ಸಿಪಿಸಿ ಅನ್ನುವುದು ಅದನ್ನೇ. ಆಗ ಗದಗಿನ ಅಧಿಕಾರಿಗೋ ಹುಬ್ಬಳ್ಳಿಯ ಅಧಿಕಾರಿಗೋ ಬರೆದು ಉಪಯೋಗವಿಲ್ಲ, ಫೈಲು ಅವರ ಹತ್ತಿರ ಬಂದೇ ಇಲ್ಲ. ಮೊದಲು ಇ-ಪರಿಶೀಲನೆ ಆಗಿದೆಯೇ ನೋಡಿ. ಸಲ್ಲಿಸಿದ 30 ದಿನಗಳೊಳಗೆ ಅದು ಆಗಿರಬೇಕು. ಕಾನೂನಿನ ಪ್ರಕಾರ, ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ಅವರು ಲೆಕ್ಕ ನೋಡಿ ತೆರಿಗೆ ಎಷ್ಟು, ರಿಫಂಡ್ ಎಷ್ಟು ಎಂದು ತಿಳಿಸುವ 143(1) ಸೂಚನೆ ಕಳಿಸಬೇಕು. ಮಾಸ್ತರರ ರಿಟರ್ನಿಗೆ ಆ ಗಡುವು 2025ರ ಡಿಸೆಂಬರ್ 31 ಆಗುತ್ತಿತ್ತು. ಗಡುವಿಗೆ ಮೊದಲೂ ಕೇಳಬಹುದು, ತಾಣದ `Grievances` ಭಾಗದಲ್ಲಿ ಸಿಪಿಸಿಯನ್ನು ಆಯ್ದುಕೊಂಡು ಬರೆಯಬೇಕು ಅಷ್ಟೇ.

ರಿಫಂಡ್ ಕಳಿಸಿದೆವು, ಆದರೆ ಖಾತೆಗೆ ಜಮಾ ಆಗಲಿಲ್ಲ ಎಂದಿದ್ದರೆ ತೊಡಕು ಬ್ಯಾಂಕ್ ಖಾತೆಯದು. ನಮ್ಮ ಕಡೆ ಇದು ಬಹಳ. ಪ್ಯಾನ್‌ನಲ್ಲಿ ಅಡ್ಡಹೆಸರು ಕೊನೆಗೆ, ಪಾಸ್‌ಬುಕ್ಕಿನಲ್ಲಿ ಊರಿನ ಹೆಸರಿನ ಇನಿಷಿಯಲ್ ಮುಂದೆ, ಹೀಗಿರುತ್ತದೆ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿದಾಗ ಐಎಫ್ಎಸ್‌ಸಿ ಬದಲಾಯಿತು, ಎಷ್ಟೋ ಜನ ಅದನ್ನು ತಾಣದಲ್ಲಿ ತಿದ್ದಿಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ವಿಲೀನವಾಗಿದೆ, ಅದರಲ್ಲಿ ಖಾತೆ ಇರುವವರೂ ಒಮ್ಮೆ ನೋಡಿಕೊಳ್ಳಿ. ಇದಕ್ಕೆ ಪತ್ರ ಬೇಕಿಲ್ಲ. `My Bank Account` ನಲ್ಲಿ ಖಾತೆಯನ್ನು ಮತ್ತೆ ದೃಢೀಕರಿಸಿ, `Services` ಒಳಗಿನ `Refund Reissue` ಮೂಲಕ ಕೇಳಿದರೆ ಸಾಕು. ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಮಾತ್ರ ಮೊದಲು ಅದನ್ನು ಮಾಡಿ, ಅಲ್ಲಿಯವರೆಗೆ ರಿಫಂಡ್ ಕೊಡುವುದಿಲ್ಲ.

ಮೂರನೆಯದು ಹಳೆ ಬಾಕಿ. ಪತ್ರ ನಿಜಕ್ಕೂ ಬೇಕಾಗುವುದು ಇಲ್ಲಿ. ಮಾಸ್ತರರದ್ದು ಇದೇ.

ಹನ್ನೊಂದು ವರ್ಷದ ಹಿಂದಿನ ಬಾಕಿ

ಅವರ 143(1) ಸೂಚನೆ 2024ರ ನವೆಂಬರ್‌ನಲ್ಲೇ ಬಂದಿತ್ತು. ರಿಫಂಡ್ ₹21,600 ಎಂದು ಒಪ್ಪಿದ್ದರು. ಅದರ ಜೊತೆಗೇ ಕಲಂ 245ರ ನೋಟಿಸು: ಅಸೆಸ್‌ಮೆಂಟ್ ವರ್ಷ 2013-14ರಲ್ಲಿ ನಿಮ್ಮ ಮೇಲೆ ₹14,260 ಬಾಕಿ ಇದೆ, ಅದನ್ನು ಈ ರಿಫಂಡಿನಲ್ಲಿ ಮುರಿದುಕೊಳ್ಳುತ್ತೇವೆ, ಒಪ್ಪಿಗೆ ಇಲ್ಲದಿದ್ದರೆ ಹೇಳಿ. ಈ ಇಮೇಲ್ ಮಾಸ್ತರರಿಗೆ ಕಾಣಲೇ ಇಲ್ಲ. ರಿಟರ್ನ್ ತುಂಬಿಕೊಟ್ಟ ಕಂಪ್ಯೂಟರ್ ಸೆಂಟರಿನ ಹುಡುಗ ತನ್ನದೇ ಇಮೇಲ್ ಹಾಕಿದ್ದ. ಅವನು ನೋಡಿ ಹೇಳುವಷ್ಟರಲ್ಲಿ ಉತ್ತರಕ್ಕೆ ನಾಲ್ಕು ದಿನ ಉಳಿದಿತ್ತು. ಸುಮ್ಮನಿದ್ದಿದ್ದರೆ ಬಾಕಿ ಕಳೆದು ಉಳಿದ ₹7,340 ಮಾತ್ರ ಬರುತ್ತಿತ್ತು. ನಿಮ್ಮ ಪ್ರೊಫೈಲಿನಲ್ಲಿ ಯಾರ ಇಮೇಲ್, ಯಾರ ಮೊಬೈಲ್ ಇದೆ ಎಂದು ಇವತ್ತೇ ನೋಡಿಕೊಳ್ಳಿ.

ಆ ಹುಡುಗನೇ `Pending Actions` ಒಳಗಿನ `Response to Outstanding Demand` ನಲ್ಲಿ ಬಾಕಿ ಒಪ್ಪುವುದಿಲ್ಲ ಎಂದು ಉತ್ತರ ಹಾಕಿಕೊಟ್ಟಿದ್ದ. ಅದು ಸರಿಯಾದ ಕೆಲಸ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಹೀಗೆ ಉತ್ತರ ಹಾಕಿದಾಗ ಸಿಪಿಸಿಯು ಬಾಕಿ ನಿಜವೇ ಎಂದು ಸ್ಥಳೀಯ ಅಸೆಸಿಂಗ್ ಅಧಿಕಾರಿಯನ್ನು ಕೇಳುತ್ತದೆ. ಅದಕ್ಕೆ ಅವರಿಗೆ 21 ದಿನಗಳ ಕಾಲಮಿತಿ ಇದೆ. ಹನ್ನೊಂದು ವರ್ಷದ ಹಿಂದಿನ ಕಾಗದ ಅಧಿಕಾರಿಯ ಎದುರಿಗೆ ಇಲ್ಲದಿದ್ದರೆ ಅವರು ಏನೆಂದು ಹೇಳಬೇಕು? ಕಾಗದವನ್ನು ಅವರ ಮೇಜಿಗೆ ತಲುಪಿಸುವುದು ನಮ್ಮ ಕೆಲಸ. ಪತ್ರ ಇರುವುದು ಅದಕ್ಕೇ.

ಬಾಕಿ ಯಾಕೆ ಬಂತು ಎಂದು ಹುಡುಕಿದೆವು. ಆಗ ಅವರು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಸಂಬಳದಿಂದ ತೆರಿಗೆ ಹಿಡಿದಿದ್ದರು. ಆದರೆ ಟಿಡಿಎಸ್ ವಿವರ ಕಳಿಸುವಾಗ ಪ್ಯಾನ್‌ನ ಒಂದು ಅಕ್ಷರ ತಪ್ಪಿತ್ತು. ಹಣ ಸರ್ಕಾರಕ್ಕೆ ಹೋಗಿದೆ, ಮಾಸ್ತರರ ಹೆಸರಿಗೆ ಮಾತ್ರ ಸೇರಿಲ್ಲ. ಅವರ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದರೆ ಆ ವರ್ಷ ಖಾಲಿ. ಫಾರಂ 16ರಲ್ಲಿ ಮಾತ್ರ ಸ್ಪಷ್ಟವಾಗಿ ₹14,260 ಕಡಿತ. ಹೀಗೆ ಆಗಿದ್ದರೆ ಕಲಂ 205 ನಿಮ್ಮ ಪರವಾಗಿದೆ. ಮೂಲದಲ್ಲಿ ಕಡಿತವಾದ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ ಎನ್ನುತ್ತದೆ ಅದು. 2015ರ ಜೂನ್ 1ರಂದು ನೇರ ತೆರಿಗೆಗಳ ಮಂಡಳಿಯೂ ತನ್ನ ಅಧಿಕಾರಿಗಳಿಗೆ ಇದನ್ನೇ ನೆನಪಿಸಿದೆ. ಶಾಲೆಯಿಂದ ತಿದ್ದುಪಡಿ ಹಾಕಿಸೋಣ ಎಂದರೆ, 2025ರ ಏಪ್ರಿಲ್‌ನಿಂದ ಹಳೆಯ ಟಿಡಿಎಸ್ ವಿವರ ತಿದ್ದಲು ಆರು ವರ್ಷದ ಮಿತಿ ಬಂದಿತ್ತು. ಹಾಗಾಗಿ ಫಾರಂ 16 ಮತ್ತು ಸಂಬಳದ ಚೀಟಿಗಳೇ ಆಧಾರ.

ಇಲ್ಲೊಂದು ಮಾತು. 2024ರ ಫೆಬ್ರವರಿಯಲ್ಲಿ ಸರ್ಕಾರ ಸಣ್ಣ ಹಳೆ ಬಾಕಿಗಳನ್ನು ಮನ್ನಾ ಮಾಡಿತು. ಅಸೆಸ್‌ಮೆಂಟ್ ವರ್ಷ 2010-11ರವರೆಗೆ ಒಂದೊಂದು ಬಾಕಿಗೆ ₹25,000, 2011-12ರಿಂದ 2015-16ರವರೆಗೆ ₹10,000 ಮಿತಿ. ಮಾಸ್ತರರ ಬಾಕಿ ₹14,260 ಇದ್ದುದರಿಂದ ಅದಕ್ಕೆ ಸಿಗಲಿಲ್ಲ. ನಿಮ್ಮದು ಮಿತಿಯೊಳಗಿದ್ದೂ ತೋರಿಸುತ್ತಿದ್ದರೆ ಪತ್ರದಲ್ಲಿ ಈ ಮನ್ನಾವನ್ನೇ ಹೆಸರಿಸಿ ಕೇಳಿ.

ಅವರ ಫೈಲಿನಲ್ಲಿ ಇನ್ನೊಂದು ಹಾಳೆ ಸಿಕ್ಕಿತು. ನಮ್ಮ ಪತ್ರಕ್ಕೆ ಬಲ ಕೊಟ್ಟಿದ್ದು ಅದೇ. 2014ರಲ್ಲಿ ಬಾಕಿಯ ಸೂಚನೆ ಬಂದಾಗ, 2015ರ ಜನವರಿಯಲ್ಲಿ ಅವರು ಕಲಂ 154ರ ಅಡಿ ತಿದ್ದುಪಡಿ ಅರ್ಜಿ ಕೊಟ್ಟಿದ್ದರು. ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಇತ್ತು. ಆಮೇಲೆ ಏನೂ ಆಗಿರಲಿಲ್ಲ. ಸೂಚನೆ ಬಂದ ಹಣಕಾಸು ವರ್ಷ ಮುಗಿದು ನಾಲ್ಕು ವರ್ಷದೊಳಗೆ ಮಾತ್ರ ಇಂಥ ತಿದ್ದುಪಡಿ ಕೇಳಬಹುದು. ಈಗ ಹೊಸದಾಗಿ ಕೇಳಿದ್ದರೆ ಕಾಲ ಮೀರಿದೆ ಅನ್ನುತ್ತಿದ್ದರು. ಆದರೆ ಕಾಲದೊಳಗೆ ಕೊಟ್ಟ ಅರ್ಜಿ ಬಾಕಿ ಉಳಿದಿದ್ದರೆ ಅದನ್ನು ತೀರ್ಮಾನಿಸುವುದು ಅಧಿಕಾರಿಯ ಹೊಣೆ. ಆದ್ದರಿಂದ ಮುದ್ರೆ ಇರುವ ಹಾಳೆಯನ್ನು ಎಂದೂ ಎಸೆಯಬೇಡಿ.

ಯಾರಿಗೆ ಬರೆಯಬೇಕು

ತಾಣದ ಮುಖಪುಟದಲ್ಲಿ `Know Your AO` ಎಂದಿದೆ. ಅಲ್ಲಿ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಹಾಕಿದರೆ ನಿಮ್ಮ ಅಧಿಕಾರಿಯ ವಾರ್ಡು, ಕಟ್ಟಡದ ವಿಳಾಸ, ಇಮೇಲ್ ಸಿಗುತ್ತವೆ. ಇದನ್ನು ನೋಡದೆ ಹೊರಡಬೇಡಿ. ಹಾವೇರಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ಪ್ಯಾನ್ ಹಾವೇರಿಯ ಅಧಿಕಾರಿಯ ಬಳಿಯೇ ಇರಬೇಕೆಂದಿಲ್ಲ. ನೌಕರಿ ಬೆಂಗಳೂರಿನಲ್ಲಿ ಶುರುವಾಗಿದ್ದರೆ ಪ್ಯಾನ್ ಇನ್ನೂ ಅಲ್ಲಿಯ ವಾರ್ಡಿನಲ್ಲೇ ಇರಬಹುದು. ಹುಬ್ಬಳ್ಳಿಯ ನವನಗರದ ಕಚೇರಿಗೆ ಹೋಗಿ ಅರ್ಧ ದಿನ ಕಾದು, "ನಿಮ್ಮದು ಇಲ್ಲಿಲ್ಲ" ಎನಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬರೆಯಬಹುದು. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಧಿಕಾರಿಗೂ ರಾಜ್ಯದಲ್ಲಿ ಬಳಸುವ ಭಾಷೆಯಲ್ಲೇ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಆದರೆ ಅಧಿಕಾರಿ ಹೊರರಾಜ್ಯದವರಾಗಿರಬಹುದು, ಅಲ್ವಾ? ವಿಷಯದ ಸಾಲನ್ನು ಕೆಳಗೆ ಇಂಗ್ಲಿಷಿನಲ್ಲೂ ಒಮ್ಮೆ ಬರೆದರೆ ಕೆಲಸ ಬೇಗ ಸಾಗುತ್ತದೆ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ.

ಪತ್ರ

ನಾವು 2025ರ ಮಾರ್ಚ್‌ನಲ್ಲಿ ಬರೆದ ಪತ್ರ ಇದು. ಹೆಸರು, ಸಂಖ್ಯೆಗಳ ಜಾಗದಲ್ಲಿ ಗೆರೆ ಹಾಕಿದ್ದೇನೆ.

> ಗೆ,
> ಆದಾಯ ತೆರಿಗೆ ಅಧಿಕಾರಿಗಳು, ವಾರ್ಡ್ ____
>
> ಇಂದ,
> ಹೆಸರು ____ (ಪ್ಯಾನ್‌ನಲ್ಲಿರುವಂತೆ)
> ವಿಳಾಸ ____, ಬೆಟಗೇರಿ
> ಪ್ಯಾನ್ ____ ಮೊಬೈಲ್ ____
>
> ವಿಷಯ: ಅಸೆಸ್‌ಮೆಂಟ್ ವರ್ಷ 2024-25ರ ರಿಫಂಡ್ ₹21,600 ತಡೆಯಾಗಿರುವುದು. ಅಸೆಸ್‌ಮೆಂಟ್ ವರ್ಷ 2013-14ರ ಬಾಕಿ ₹14,260 ತೆಗೆದುಹಾಕಲು ಕೋರಿಕೆ.
>
> ಮಾನ್ಯರೇ,
>
> 1. ಅಸೆಸ್‌ಮೆಂಟ್ ವರ್ಷ 2024-25ಕ್ಕೆ (ಹಣಕಾಸು ವರ್ಷ 2023-24) ನಾನು 22-07-2024ರಂದು ರಿಟರ್ನ್ ಸಲ್ಲಿಸಿ ಅಂದೇ ಇ-ಪರಿಶೀಲನೆ ಮಾಡಿದ್ದೇನೆ. ಸ್ವೀಕೃತಿ ಸಂಖ್ಯೆ _________220724. 143(1) ಸೂಚನೆಯಲ್ಲಿ ರಿಫಂಡ್ ₹21,600 ಎಂದು ನಿಗದಿಯಾಗಿದೆ.
>
> 2. ಅಸೆಸ್‌ಮೆಂಟ್ ವರ್ಷ 2013-14ರ ಬಾಕಿ ₹14,260 (ಬಾಕಿಯ ಉಲ್ಲೇಖ ಸಂಖ್ಯೆ ____) ಇದೆ ಎಂದು ಕಲಂ 245ರ ನೋಟಿಸು ಬಂದಿದೆ. ನಾನು ____ ದಿನಾಂಕದಂದು ತಾಣದಲ್ಲಿ ಅಸಮ್ಮತಿ ದಾಖಲಿಸಿದ್ದೇನೆ.
>
> 3. ಈ ಮೊತ್ತ ಆ ವರ್ಷವೇ ನನ್ನ ಸಂಬಳದಿಂದ ಕಡಿತವಾಗಿದೆ. ಫಾರಂ 16 ಲಗತ್ತಿಸಿದೆ. ಟಿಡಿಎಸ್ ವಿವರದಲ್ಲಿ ನನ್ನ ಪ್ಯಾನ್ ತಪ್ಪಾಗಿ ನಮೂದಾಗಿದ್ದರಿಂದ ಜಮೆ ಸಿಕ್ಕಿಲ್ಲ. ಕಲಂ 205ರ ಪ್ರಕಾರ ಇದನ್ನು ನನ್ನಿಂದ ಮತ್ತೆ ವಸೂಲು ಮಾಡುವಂತಿಲ್ಲ.
>
> 4. ಈ ಬಗ್ಗೆ ಕಲಂ 154ರ ಅರ್ಜಿಯನ್ನು ಜನವರಿ 2015ರಲ್ಲೇ ತಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮುದ್ರೆಯಿರುವ ಪ್ರತಿ ಲಗತ್ತಿಸಿದೆ. ಅದು ಇನ್ನೂ ತೀರ್ಮಾನವಾಗಿಲ್ಲ.
>
> ಆದ್ದರಿಂದ (ಅ) ಸದರಿ ಅರ್ಜಿಯನ್ನು ತೀರ್ಮಾನಿಸಿ ₹14,260 ಬಾಕಿ ತೆಗೆಯಬೇಕು, (ಆ) ಬಾಕಿ ಇಲ್ಲವೆಂದು ಸಿಪಿಸಿಗೆ ಉತ್ತರಿಸಬೇಕು, (ಇ) ₹21,600 ರಿಫಂಡನ್ನು ಕಲಂ 244ಎ ಬಡ್ಡಿಯೊಂದಿಗೆ ಬಿಡುಗಡೆ ಮಾಡಿಸಬೇಕು ಎಂದು ಕೋರುತ್ತೇನೆ.
>
> ಲಗತ್ತು: ರಿಟರ್ನ್ ಸ್ವೀಕೃತಿ, 143(1) ಸೂಚನೆ, 245 ನೋಟಿಸು ಮತ್ತು ಉತ್ತರ, ಫಾರಂ 16, ಮಾರ್ಚ್ ಸಂಬಳದ ಚೀಟಿ, 2015ರ ಅರ್ಜಿಯ ಪ್ರತಿ.
>
> ದಿನಾಂಕ ____ ಸಹಿ ____

ಪತ್ರ ಒಂದೇ ಪುಟದಲ್ಲಿ ಮುಗಿಯಬೇಕು. ಮಾಸ್ತರರಿಗೆ ಮೊಮ್ಮಗಳ ಫೀಸಿನ ಕಷ್ಟವನ್ನೂ ಬರೆಯಬೇಕೆಂದಿತ್ತು. ಆ ಕಷ್ಟ ನಿಜವೇ, ಆದರೆ ಅದನ್ನು ಓದಿ ಅಧಿಕಾರಿ ಕಂಪ್ಯೂಟರಿನಲ್ಲಿ ಮಾಡಬಹುದಾದ್ದು ಏನೂ ಇಲ್ಲ. ಕೇಳಿಕೆ ಮೂರೇ ಇರಲಿ, ಮೂರೂ ಅವರ ಕೈಯಲ್ಲಿ ಆಗುವಂಥವಿರಲಿ. ಬ್ಯಾಂಕ್ ಪಾಸ್‌ವರ್ಡ್, ಒಟಿಪಿ ಇತ್ಯಾದಿ ಯಾವ ಪತ್ರದಲ್ಲೂ ಬರೆಯುವುದಿಲ್ಲ, ಇಲಾಖೆ ಅದನ್ನು ಕೇಳುವುದೂ ಇಲ್ಲ. ಕೇಳಿ ಫೋನ್ ಬಂದರೆ ಅದು ಮೋಸ.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ಯಿರಿ. ಒಂದನ್ನು ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅದೇ ದಿನ ಅದೇ ಪತ್ರವನ್ನು ಸ್ಕ್ಯಾನ್ ಮಾಡಿ ಅಧಿಕಾರಿಯ ಇಮೇಲಿಗೂ ಕಳಿಸಿ, ತಾಣದ `Grievances` ನಲ್ಲೂ ಹಾಕಿ. ಅಲ್ಲಿ ಹಾಕುವಾಗ ವರ್ಷದ ಪಟ್ಟಿಯಿಂದ 2024-25 ಆಯ್ದುಕೊಂಡಿದ್ದೀರಾ ಎಂದು ಇನ್ನೊಮ್ಮೆ ನೋಡಿ. ನೇರ ಮಾತಾಡಬೇಕಿದ್ದರೆ 1800 103 0025 ಉಚಿತ ಸಂಖ್ಯೆ ಇದೆ. ಕೆಲಸದ ದಿನ ಕರೆ ಮಾಡಿ, ಪ್ಯಾನ್ ಮತ್ತು ಸ್ವೀಕೃತಿ ಸಂಖ್ಯೆ ಎದುರಿಗಿಟ್ಟುಕೊಳ್ಳಿ.

ಒಂದು ತಿಂಗಳು ಕಾದು ನೋಡಿ. ಬಾಕಿಯ ಪುಟದಲ್ಲಿ ಆ ಸಾಲು ಹೋಗಿದ್ದರೆ ಅರ್ಧ ಕೆಲಸ ಆಯಿತು. ಹೋಗದಿದ್ದರೆ ಆವಕ ಸಂಖ್ಯೆ ಹಿಡಿದು ಒಂದು ಜ್ಞಾಪನ ಪತ್ರ ಕೊಡಿ. ಹೊಸ ಕಥೆ ಬೇಡ, "ಇಂಥ ದಿನಾಂಕದ ಪತ್ರದ ಮೇಲೆ ಕ್ರಮ ತಿಳಿಸಿ" ಎಂದರೆ ಸಾಕು. ಅದಕ್ಕೂ ಉತ್ತರ ಬರದಿದ್ದರೆ pgportal.gov.in ನಲ್ಲಿ ಕೇಂದ್ರ ಸರ್ಕಾರಕ್ಕೆ ದೂರು ಹಾಕಬಹುದು. ಅಲ್ಲಿ 21 ದಿನಗಳೊಳಗೆ ಪರಿಹರಿಸಬೇಕೆಂಬ ನಿಯಮವಿದೆ. ಮೊದಲೇ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅದು ಕೊನೆಗೆ ಸುತ್ತಿ ಬಂದು ಅದೇ ಅಧಿಕಾರಿಯ ಮೇಜಿಗೇ ಸೇರುತ್ತದೆ. ಮುದ್ರೆ ಹಾಕಿದ ಪತ್ರ ಜೊತೆಗಿದ್ದರೆ ಮಾತ್ರ ಅದಕ್ಕೆ ತೂಕ.

ಮಾಸ್ತರರು ಒಂದು ಜ್ಞಾಪನ ಪತ್ರ ಕೊಡಬೇಕಾಯಿತು. ಮೇ ತಿಂಗಳಲ್ಲಿ ಬಾಕಿಯ ಸಾಲು ಮಾಯವಾಯಿತು, ಜೂನ್‌ನಲ್ಲಿ ಹಣ ಬಂತು.

ಬಂದ ಮೊತ್ತ ಸರಿಯೇ ಎಂದು ಲೆಕ್ಕ ಹಾಕುವುದನ್ನು ಬಿಡಬೇಡಿ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಅಸೆಸ್‌ಮೆಂಟ್ ವರ್ಷದ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ, ತಿಂಗಳ ಒಂದು ದಿನ ಹಿಡಿದರೂ ಪೂರ್ತಿ ತಿಂಗಳ ಲೆಕ್ಕ. ₹21,600ಕ್ಕೆ ತಿಂಗಳಿಗೆ ₹108. 2024ರ ಏಪ್ರಿಲ್‌ನಿಂದ 2025ರ ಜೂನ್‌ವರೆಗೆ 15 ತಿಂಗಳು, ಅಂದರೆ ₹1,620. ಮಾಸ್ತರರ ಪಾಸ್‌ಬುಕ್ಕಿನಲ್ಲಿ ₹23,220 ಜಮೆಯಾಗಿತ್ತು. ತಡವಾಗಿ ರಿಟರ್ನ್ ಹಾಕಿದವರಿಗೆ ಬಡ್ಡಿ ಸಲ್ಲಿಸಿದ ದಿನದಿಂದ ಮಾತ್ರ. ರಿಫಂಡು ಒಟ್ಟು ತೆರಿಗೆಯ ಶೇ. 10ಕ್ಕಿಂತ ಕಡಿಮೆ ಇದ್ದರೆ ಬಡ್ಡಿಯೇ ಇಲ್ಲ.

ಆ ₹1,620 ಆದಾಯವೇ. ರಿಫಂಡಿನ ಅಸಲಿಗೆ ತೆರಿಗೆ ಇಲ್ಲ, ಬಡ್ಡಿಗೆ ಇದೆ. ಹಣ ಬಂದಿದ್ದು 2025ರ ಜೂನ್‌ನಲ್ಲಿ ಆದ್ದರಿಂದ ಅದನ್ನು ಅಸೆಸ್‌ಮೆಂಟ್ ವರ್ಷ 2026-27ರ ರಿಟರ್ನಿನಲ್ಲಿ ಇತರೆ ಆದಾಯದ ಕೆಳಗೆ ತೋರಿಸಬೇಕು. ಮಾಸ್ತರರು ಅದನ್ನು ಪಾಸ್‌ಬುಕ್ಕಿನ ಪಕ್ಕದಲ್ಲೇ ಪೆನ್ಸಿಲ್ಲಿನಿಂದ ಬರೆದುಕೊಂಡರು, ವರ್ಷದ ಸಮೇತ.